ಕಣ್ಣಿನ ಬದಲು ಕಣ್ಣಿನ ಬೆಲೆ

‘ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು’ ಎನ್ನುವುದು ಕನ್ನಡದಲ್ಲಿ ಸೇಡಿನ ಮಾತು. ಮುಯ್ಯಿ ತೀರಿಸುತ್ತೇನೆ ಎಂದು ಹೊರಟವನ ಬಾಯಲ್ಲಿ ಅದು ಬರುತ್ತದೆ, ಅಂಥವನನ್ನು ಖಂಡಿಸುವವರ ಬಾಯಲ್ಲಿಯೂ ಬರುತ್ತದೆ. ಎರಡು ಕಡೆಯೂ ಅದರ ಅರ್ಥ ಒಂದೇ, ಕಣ್ಣು ಕಿತ್ತವನ ಕಣ್ಣನ್ನು ಕೀಳುವುದು. ಈ ಮಾತು ಯೆಹೂದ್ಯರ ತೋರಾದಲ್ಲಿ ಮೂರು ಕಡೆ ಇದೆ: ವಿಮೋಚನಕಾಂಡದ 21ನೆಯ, ಯಾಜಕಕಾಂಡದ 24ನೆಯ ಮತ್ತು ಧರ್ಮೋಪದೇಶಕಾಂಡದ 19ನೆಯ ಅಧ್ಯಾಯಗಳಲ್ಲಿ. ಆದರೆ ಆ ಗ್ರಂಥವನ್ನು ದೇವವಾಕ್ಯವೆಂದು ನಂಬಿ, ಅದರ ಒಂದೊಂದು ಅಕ್ಷರವನ್ನೂ ಎಣಿಸಿಟ್ಟ ಜನರ ಪಂಡಿತರು, ಅಂದರೆ ರಬ್ಬಿಗಳು, ಕನಿಷ್ಠ 1,800 ವರ್ಷಗಳಿಂದ ಈ ವಾಕ್ಯವನ್ನು ‘ಕಣ್ಣಿನ ಬೆಲೆಯನ್ನು ಕೊಡತಕ್ಕದ್ದು’ ಎಂದೇ ಓದುತ್ತ ಬಂದಿದ್ದಾರೆ ಎಂಬ ಸಂಗತಿ ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿದಿಲ್ಲ. ನನಗೂ ಬಹಳ ಕಾಲ ತಿಳಿದಿರಲಿಲ್ಲ.

ನಾನು ಧಾರವಾಡದ ಕಡೆಯವನು. ಇಪ್ಪತ್ತಾರು ವರ್ಷಗಳಿಂದ ಮುಂಬಯಿ ಪಕ್ಕದ ಠಾಣೆ ಊರಿನಲ್ಲಿದ್ದೇನೆ. ವಕೀಲರೊಬ್ಬರ ಕಚೇರಿಯಲ್ಲಿ ಮೋಟಾರು ಅಪಘಾತ ಪರಿಹಾರದ ಅರ್ಜಿಗಳನ್ನು ಸಿದ್ಧಪಡಿಸುವುದು ನನ್ನ ಕೆಲಸ. ಹಲವು ವರ್ಷಗಳ ಹಿಂದೆ, ಟೆಂಪೋ ಹಾಯ್ದು ಬಲಗೈ ಕಳೆದುಕೊಂಡ ಹತ್ತೊಂಬತ್ತರ ಹುಡುಗನೊಬ್ಬನ ತಂದೆ ನಮ್ಮ ಕಚೇರಿಗೆ ಬಂದಿದ್ದರು. ಆಸ್ಪತ್ರೆಯ ಬಿಲ್ಲುಗಳನ್ನು ನಾನು ಒಂದೊಂದಾಗಿ ಜೋಡಿಸುತ್ತಿದ್ದಾಗ ಅವರು ತಟ್ಟನೆ, “ನನಗೆ ದುಡ್ಡು ಬೇಡ, ಅವನ ಕೈಯನ್ನೂ ತೆಗೆಯಿರಿ, ಅಷ್ಟು ಸಾಕು” ಎಂದರು. ಅವರು ಹೋದ ಮೇಲೆ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು, “ಇವರು ಕೇಳಿದ್ದನ್ನು ನಮ್ಮ ಹಿರಿಯರು ಎರಡು ಪುಟ ಚರ್ಚೆ ಮಾಡಿ ಬಿಟ್ಟುಬಿಟ್ಟಿದ್ದಾರೆ” ಎಂದರು. ಅವರು ಬೆನೆ ಇಸ್ರಾಯೇಲ್ ಸಮುದಾಯದವರು, ಕೊಂಕಣದ ಕರಾವಳಿಯಲ್ಲಿ ತಲೆತಲಾಂತರದಿಂದ ನೆಲೆಸಿ ಮನೆಯಲ್ಲಿ ಮರಾಠಿಯನ್ನೇ ಆಡುವ ಯೆಹೂದ್ಯರು. ಅವರು ತೋರಿಸಿದ ಪುಟಗಳು, ರಬ್ಬಿಗಳ ಕಾನೂನು ಚರ್ಚೆಗಳನ್ನು ಸಂಗ್ರಹಿಸಿದ ತಾಲ್ಮುದ್ ಎಂಬ ಗ್ರಂಥದ ‘ಬಾಬಾ ಕಮ್ಮಾ’ ಎಂಬ ಭಾಗದ 83 ಮತ್ತು 84ನೆಯ ಹಾಳೆಗಳು. ಅಂದಿನಿಂದ ಅನುವಾದಗಳ ಮೂಲಕ ಅವುಗಳನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಓದಿದ ಮೇಲೆ ನನ್ನಲ್ಲಿ ಗಟ್ಟಿಯಾದ ಅನಿಸಿಕೆಯೊಂದಿದೆ: ಕ್ರೂರವಾದ ಹಳೆಯ ಕಾನೂನನ್ನು ರಬ್ಬಿಗಳು ಕನಿಕರದಿಂದ ಮೆದು ಮಾಡಿದರು ಎಂದು ಸಾಮಾನ್ಯವಾಗಿ ಹೇಳುವುದು ಸರಿಯಲ್ಲ. ಆ ಪುಟಗಳಲ್ಲಿ ಕನಿಕರದ ಮಾತು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಲ್ಲಿರುವುದು ಅಳತೆಯ ಮಾತು. ‘ಸಮಕ್ಕೆ ಸಮ’ ಎಂಬುದನ್ನು ನಿಜವಾಗಿ ನಡೆಸಬೇಕಾದರೆ ಚಾಕುವಿನಿಂದ ಅದು ಆಗುವುದಿಲ್ಲ ಎಂಬುದೇ ಅವರ ವಾದ.

ಮೊದಲು ಮೂಲದ ಪದವನ್ನು ನೋಡಬೇಕು. ಹೀಬ್ರೂವಿನಲ್ಲಿ ಆ ವಾಕ್ಯ ‘ಅಯಿನ್ ತಹತ್ ಅಯಿನ್’ ಎಂದಿದೆ. ‘ತಹತ್’ ಎಂದರೆ ಕೆಳಗೆ, ಒಂದರ ಜಾಗದಲ್ಲಿ, ಬದಲಾಗಿ. ಕನ್ನಡದಲ್ಲಿ ನಾವು ‘ಕಣ್ಣಿಗೆ ಕಣ್ಣು’ ಎಂದು ಚತುರ್ಥಿಯಲ್ಲಿ ಹೇಳಿದ ಕೂಡಲೇ ಅದು ಏಟಿಗೆ ಎದಿರೇಟಾಗಿ ಕೇಳಿಸುತ್ತದೆ. ‘ಕಣ್ಣಿನ ಬದಲು ಕಣ್ಣು’ ಎಂದರೆ ಬೇರೆಯೇ ಕೇಳಿಸುತ್ತದೆ. ‘ಗಡಿಗೆಗೆ ಗಡಿಗೆ’ ಎಂದರೆ ನೀನು ನನ್ನದನ್ನು ಒಡೆದೆ, ನಾನು ನಿನ್ನದನ್ನು ಒಡೆಯುತ್ತೇನೆ ಎಂದಾಗಬಹುದು. ‘ಗಡಿಗೆಯ ಬದಲು ಗಡಿಗೆ’ ಎಂದರೆ ಒಡೆದವನು ಕಳೆದುಕೊಂಡವನಿಗೆ ಒಂದನ್ನು ತಂದುಕೊಡಬೇಕು ಎಂದೇ ಅರ್ಥ. ಅದೇ ಅಧ್ಯಾಯದಲ್ಲಿ ಸ್ವಲ್ಪ ಮುಂದೆ, ಹಾಯುವ ಎತ್ತೆಂದು ತಿಳಿದಿದ್ದೂ ಕಟ್ಟಿಹಾಕದೆ ಬಿಟ್ಟ ಒಡೆಯನು ‘ಎತ್ತಿನ ತಹತ್ ಎತ್ತನ್ನು’ ತೆರಬೇಕು ಎಂದಿದೆ. ಅಲ್ಲಿ ಅವನ ಎತ್ತನ್ನು ಕೊಲ್ಲಬೇಕೆಂದು ಯಾರೂ ಓದಿಲ್ಲ, ಓದಲು ಆಗುವುದೂ ಇಲ್ಲ. ಐದನೆಯ ಶತಮಾನದ ಹೊತ್ತಿಗೆ ಬಾಬಿಲೋನಿಯಾದಲ್ಲಿದ್ದ ರವ್ ಆಶಿ ಎಂಬ ಪಂಡಿತನು ಹಿಡಿಯುವುದು ಈ ಎಳೆಯನ್ನೇ: ಎತ್ತಿನ ವಿಷಯದಲ್ಲಿ ‘ತಹತ್’ ಎಂದರೆ ತೆರುವುದಾದರೆ ಕಣ್ಣಿನ ವಿಷಯದಲ್ಲಿಯೂ ಅದೇ ಪದಕ್ಕೆ ಅದೇ ಅರ್ಥ.

ಇದಲ್ಲದೆ ಆ ಅಧ್ಯಾಯದಲ್ಲಿ ಕಣ್ಣಿನ ಮಾತಿಗಿಂತ ಕೆಲವೇ ಸಾಲು ಮೊದಲು ಇನ್ನೊಂದು ನಿಯಮವಿದೆ. ಇಬ್ಬರು ಜಗಳವಾಡಿ ಒಬ್ಬನು ಇನ್ನೊಬ್ಬನನ್ನು ಕಲ್ಲಿನಿಂದಲೋ ಮುಷ್ಟಿಯಿಂದಲೋ ಹೊಡೆದು, ಪೆಟ್ಟು ತಿಂದವನು ಸಾಯದೆ ಹಾಸಿಗೆ ಹಿಡಿದು ಆಮೇಲೆ ಕೋಲೂರಿಕೊಂಡು ಓಡಾಡುವಂತಾದರೆ, ಹೊಡೆದವನು ಅವನ ಕೆಲಸ ನಿಂತ ದಿನಗಳ ನಷ್ಟವನ್ನು ಕೊಟ್ಟು ಅವನನ್ನು ಪೂರ್ತಿಯಾಗಿ ವಾಸಿಮಾಡಿಸಬೇಕು ಎಂದು ಅದು ಹೇಳುತ್ತದೆ. ಹೊಡೆದವನಿಗೂ ಅಷ್ಟೇ ಪೆಟ್ಟು ಕೊಡುವುದು ಕಾನೂನಾಗಿದ್ದರೆ, ಅವನೂ ಹಾಸಿಗೆ ಹಿಡಿದು ಅವನ ಕೆಲಸವೂ ನಿಲ್ಲುತ್ತಿತ್ತು. ಆಗ ಅವನು ಇವನಿಗೆ ಮದ್ದಿನ ಖರ್ಚು ಕೊಡುವ ಮಾತಿಗೆ ಎಡೆಯೆಲ್ಲಿ? ತಾಲ್ಮುದಿನಲ್ಲಿ ರಾವಾ ಎಂಬ ಪಂಡಿತನ ಹೆಸರಿನಲ್ಲಿ ಈ ಬಗೆಯ ತರ್ಕವಿದೆ. ಅರಣ್ಯಕಾಂಡದ ಒಂದು ವಾಕ್ಯವನ್ನೂ ಅವರು ಮುಂದಿಡುತ್ತಾರೆ. ಸಾವಿಗೆ ಪಾತ್ರನಾದ ಕೊಲೆಗಡುಕನ ಪ್ರಾಣಕ್ಕೆ ಈಡಾಗಿ ಹಣ ತೆಗೆದುಕೊಳ್ಳಬಾರದು ಎಂದು ಅದು ವಿಧಿಸುತ್ತದೆ. ಪ್ರಾಣಕ್ಕೆ ಮಾತ್ರ ಬೇಡವೆಂದು ಎತ್ತಿ ಹೇಳಿದೆಯೆಂದರೆ, ಮತ್ತೆ ಬೆಳೆಯದ ಅಂಗಗಳಿಗೆ ಈಡಿನ ಹಣ ತೆಗೆದುಕೊಳ್ಳಬಹುದು ಎಂದಾಯಿತು. ಕೊಲೆಗೆ ಹಣ ಬೇಡ ಎನ್ನುವ ಈ ಬಿಗಿಯನ್ನು ಗಮನಿಸಬೇಕು. ರಬ್ಬಿಗಳು ಎಲ್ಲವನ್ನೂ ಹಣಕ್ಕೆ ಇಳಿಸಿದವರಲ್ಲ.

ಇಷ್ಟು ಪದಗಳ ಮಾತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅಳತೆಯ ವಾದಗಳು. ರಬ್ಬಿ ದೊಸ್ತಾಯ್ ಬೆನ್ ಯೆಹೂದಾ ಕೇಳುತ್ತಾನೆ: ಒಬ್ಬನ ಕಣ್ಣು ದೊಡ್ಡದು, ಇನ್ನೊಬ್ಬನದು ಚಿಕ್ಕದು; ಹಾಗಿದ್ದಾಗ ಕಣ್ಣಿನ ಬದಲು ಕಣ್ಣು ಎಂಬುದನ್ನು ನಡೆಸುವುದು ಹೇಗೆ? ರಬ್ಬಿ ಶಿಮೋನ್ ಬಾರ್ ಯೊಹಾಯ್ ಕೇಳುವುದು ಇನ್ನೂ ಮೊನಚಾದ ಪ್ರಶ್ನೆ: ಕುರುಡನೊಬ್ಬನು ಬೇರೆಯವನ ಕಣ್ಣು ಕಳೆದರೆ, ಕೈಯಿಲ್ಲದವನು ಬೇರೆಯವನ ಕೈ ಕಡಿದರೆ, ಕುಂಟನು ಬೇರೆಯವನನ್ನು ಕುಂಟನನ್ನಾಗಿಸಿದರೆ ಏನು ಮಾಡುವಿರಿ? ಯಾಜಕಕಾಂಡವು ಈ ನಿಯಮದ ಬೆನ್ನಿಗೇ ‘ನಿಮಗೆಲ್ಲರಿಗೂ ಒಂದೇ ನ್ಯಾಯವಿರಬೇಕು’ ಎನ್ನುತ್ತದೆ. ಕೆಲವರಿಗೆ ನಡೆಸಬಹುದಾದ, ಕೆಲವರಿಗೆ ನಡೆಸಲಾಗದ ಶಿಕ್ಷೆ ಒಂದೇ ನ್ಯಾಯ ಹೇಗಾದೀತು? ಹಣವಾದರೆ ಕುರುಡನಿಂದಲೂ ವಸೂಲಾಗುತ್ತದೆ, ಕಣ್ಣಿದ್ದವನಿಂದಲೂ ವಸೂಲಾಗುತ್ತದೆ. ಮೂರನೆಯದು ಅಬಾಯೆ ಎಂಬ ಪಂಡಿತನು ಹಿಜ್ಕಿಯಾನ ಪಾಠಶಾಲೆಯ ಹೆಸರಿನಲ್ಲಿ ಹೇಳುವ ಮಾತು. ತೋರಾ ಪ್ರಾಣದ ಬದಲು ಪ್ರಾಣ, ಕಣ್ಣಿನ ಬದಲು ಕಣ್ಣು ಎಂದಿದೆಯೇ ಹೊರತು ಕಣ್ಣಿನ ಬದಲು ಕಣ್ಣು ಮತ್ತು ಪ್ರಾಣ ಎಂದಿಲ್ಲ. ಆದರೆ ಕಣ್ಣು ಕೀಳುವಾಗ ಕೆಲವೊಮ್ಮೆ ಪ್ರಾಣವೂ ಹೋಗಿಬಿಡುತ್ತದೆ.

ಈ ಮೂರು ವಾದಗಳನ್ನು ಕೇಳಿ ನಾನು ಒಪ್ಪಿ ತಲೆದೂಗಿದ್ದೆ. ತಾಲ್ಮುದು ಒಪ್ಪುವುದಿಲ್ಲ. ಕಣ್ಣಿನ ಗಾತ್ರ ಬೇರೆಯಾದರೇನಂತೆ, ತೆಗೆಯುವುದು ದೃಷ್ಟಿಯನ್ನಲ್ಲವೇ, ಕುಳ್ಳನು ದಾಂಡಿಗನನ್ನು ಕೊಂದಾಗ ಗಾತ್ರ ನೋಡಿ ಮರಣದಂಡನೆಯನ್ನು ಬಿಡುತ್ತೇವೆಯೇ ಎಂದು ಅದು ಮೊದಲನೆಯದನ್ನು ಮುರಿಯುತ್ತದೆ. ಆಗುವಲ್ಲಿ ನಡೆಸೋಣ, ಆಗದಲ್ಲಿ ಬಿಡೋಣ, ಹೇಗೂ ಸಾಯಲಿರುವ ರೋಗಿಯು ಕೊಲೆ ಮಾಡಿದಾಗ ಬಿಡುವುದಿಲ್ಲವೇ ಎಂದು ಎರಡನೆಯದನ್ನು ಮುರಿಯುತ್ತದೆ. ತಡೆದುಕೊಳ್ಳಬಲ್ಲನೇ ಎಂದು ಮೊದಲೇ ಅಂದಾಜು ಮಾಡಿ ಆಮೇಲೆ ಕಣ್ಣು ತೆಗೆಯೋಣ, ಛಡಿಯೇಟಿನ ಶಿಕ್ಷೆಯಲ್ಲಿ ಹಾಗೆಯೇ ಅಂದಾಜು ಮಾಡುತ್ತೇವಲ್ಲ, ಅಂದಾಜು ತಪ್ಪಿ ಸತ್ತರೆ ಸತ್ತ ಎಂದು ಮೂರನೆಯದನ್ನೂ ಮುರಿಯುತ್ತದೆ. ತೀರ್ಮಾನ ಮೊದಲೇ ಗೊತ್ತಿದ್ದರೂ, ತನಗೆ ಅನುಕೂಲವಾದ ಪುರಾವೆಯನ್ನೇ ಹೀಗೆ ಎದುರು ವಕೀಲನ ಹಾಗೆ ಪಾಟೀಸವಾಲು ಮಾಡುವ ಗ್ರಂಥವನ್ನು ನಾನು ಬೇರೆ ನೋಡಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಯೆಹೂದ್ಯ ಪಂಡಿತ ಮೈಮೊನಿಡಿಸ್ ತನ್ನ ಕಾನೂನು ಸಂಹಿತೆಯಲ್ಲಿ ಕೊನೆಗೆ ಪರಂಪರೆಯನ್ನೇ ಆಧಾರವಾಗಿ ಹಿಡಿಯುತ್ತಾನೆ: ಮೋಶೆಯಿಂದ ಬಂದದ್ದು ಹೀಗೆ, ಯೆಹೋಶುವನ ನ್ಯಾಯಸಭೆಯಲ್ಲಿಯೂ ಸಮುವೇಲನ ನ್ಯಾಯಸಭೆಯಲ್ಲಿಯೂ ನಮ್ಮ ಪೂರ್ವಿಕರು ಕಂಡ ತೀರ್ಪು ಹೀಗೆ ಎಂದು. ಹಾಗಾದರೆ ತೋರಾ ನೇರವಾಗಿ ಹಣವೆಂದು ಏಕೆ ಬರೆಯಲಿಲ್ಲ ಎಂಬುದಕ್ಕೂ ಅವನ ಉತ್ತರವಿದೆ. ಗಾಯ ಮಾಡಿದವನು ಅದೇ ಅಂಗವನ್ನು ಕಳೆದುಕೊಳ್ಳಲು ಅರ್ಹನು, ಆದ್ದರಿಂದಲೇ ಅವನು ತೆರಬೇಕು. ಅಂದರೆ ಕೊಡುವ ಹಣವು ಕೊಂಡುಕೊಂಡ ವಸ್ತುವಿನ ಕ್ರಯವಲ್ಲ. ತನ್ನದೇ ಕಣ್ಣು ಹೋಗಬೇಕಾಗಿದ್ದವನು ಕೊಡುವ ಹಣ ಅದು.

ಎಲ್ಲರೂ ಹೀಗೆಯೇ ಓದಿದರೆಂದು ಹೇಳಿದರೆ ತಪ್ಪಾಗುತ್ತದೆ. ಒಂದನೆಯ ಶತಮಾನದ ಇತಿಹಾಸಕಾರ ಜೋಸೆಫಸ್, ಅಂಗವನ್ನು ಕಳೆದವನು ಅದೇ ಅಂಗವನ್ನು ಕಳೆದುಕೊಳ್ಳಬೇಕು, ಪೆಟ್ಟು ತಿಂದವನು ಹಣಕ್ಕೆ ಒಪ್ಪಿದರೆ ಮಾತ್ರ ಬಿಡಬಹುದು ಎಂದು ಬರೆದಿದ್ದಾನೆ. ತಾಲ್ಮುದಿನಲ್ಲಿಯೇ ರಬ್ಬಿ ಎಲಿಯೇಜರನು ‘ಕಣ್ಣೆಂದರೆ ಕಣ್ಣೇ’ ಎಂದನೆಂಬ ಮಾತು ದಾಖಲಾಗಿದೆ. ಇಷ್ಟು ಜನ ಹಿರಿಯರ ವಿರುದ್ಧ ಅವನು ನಿಲ್ಲುತ್ತಾನೆಯೇ ಎಂದು ಕೇಳಿಕೊಂಡು, ಪೆಟ್ಟು ತಿಂದವನ ಕಣ್ಣಿನ ಬೆಲೆಯಲ್ಲ, ಹೊಡೆದವನ ಕಣ್ಣಿನ ಬೆಲೆಯನ್ನು ಕಟ್ಟಬೇಕು ಎಂಬುದೇ ಅವನ ಇಂಗಿತ ಎಂದು ರವ್ ಆಶಿ ಅದನ್ನು ಬಿಡಿಸುತ್ತಾನೆ. ನನಗೆ ಈ ವಿವರಣೆ ಸ್ವಲ್ಪ ಎಳೆದು ತಂದದ್ದಾಗಿ ಕಾಣುತ್ತದೆ. ಎಲಿಯೇಜರನು ಹೇಳಿದ್ದನ್ನು ಅವನು ಹೇಳಿದ ಹಾಗೆಯೇ ಹೇಳಿರಬಹುದು.

ಇನ್ನು ಹಣವೆಂದ ಮೇಲೆ ಎಷ್ಟು ಎಂಬ ಪ್ರಶ್ನೆ. ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ, ತಾಲ್ಮುದಿನ ಚರ್ಚೆಗಳಿಗೆ ತಳಹದಿಯಾದ ಕಾನೂನು ಸಂಗ್ರಹ ಮಿಶ್ನಾ ಈ ಭಾಗದ ಎಂಟನೆಯ ಅಧ್ಯಾಯವನ್ನು ಆರಂಭಿಸುವುದೇ ಅದರಿಂದ: ಒಬ್ಬನಿಗೆ ಗಾಯ ಮಾಡಿದವನು ಐದು ಬಾಬುಗಳಲ್ಲಿ ಹೊಣೆಯಾಗುತ್ತಾನೆ. ಅವು ನೆಝೆಕ್, ಅಂದರೆ ಅಂಗ ಊನವಾದ ನಷ್ಟ. ತ್ಸಾರ್, ಅಂದರೆ ನೋವು. ರಿಪ್ಪುಯ್, ಅಂದರೆ ಚಿಕಿತ್ಸೆ. ಶೆವೆತ್, ಅಂದರೆ ಕೆಲಸ ನಿಂತ ದಿನಗಳು. ಬೋಶೆತ್, ಅಂದರೆ ಅವಮಾನ. ಒಬ್ಬ ನೇಕಾರನ ಕೈಯನ್ನು ಜಗಳದಲ್ಲಿ ಇನ್ನೊಬ್ಬನು ಕಡಿದನೆಂದು ಇಟ್ಟುಕೊಂಡು, ಲೆಕ್ಕ ತಿಳಿಯಲೆಂದು ಅಂಕಿಗಳನ್ನು ನಾನೇ ಹಾಕಿ ನೋಡುತ್ತೇನೆ. ಊನದ ನಷ್ಟವನ್ನು ತಿಳಿಯಲು ಅವನನ್ನು ಸಂತೆಯಲ್ಲಿ ಮಾರುವ ಗುಲಾಮನೆಂದು ಭಾವಿಸಿ, ಕೈಯಿದ್ದಾಗ ಎಷ್ಟಕ್ಕೆ ಹೋಗುತ್ತಿದ್ದ, ಈಗ ಎಷ್ಟಕ್ಕೆ ಹೋಗುತ್ತಾನೆ ಎಂದು ಅಂದಾಜು ಮಾಡಬೇಕು. ಮೊದಲು 1,000 ಜೂಜ್, ಈಗ 600 ಎಂದಾದರೆ ಊನದ ಬಾಬು 400 ಜೂಜ್. ಜೂಜ್ ಎಂಬುದು ಆ ಕಾಲದ ಬೆಳ್ಳಿಯ ನಾಣ್ಯ. ಕೈಯಲ್ಲಿ 200 ಜೂಜ್ ಇರುವವನು ಬಡವರಿಗೆ ಮೀಸಲಾದ ಹಕ್ಕಲುತೆನೆಯನ್ನು ಆಯಬಾರದು ಎಂಬ ನಿಯಮ ಅದೇ ಮಿಶ್ನಾದಲ್ಲಿ ಇದೆ, ಅದರಿಂದ ಮೊತ್ತದ ತೂಕವನ್ನು ಊಹಿಸಿಕೊಳ್ಳಬಹುದು.

ಆಮೇಲೆ ಕೆಲಸ ನಿಂತ ದಿನಗಳು. ನೇಕಾರನು 60 ದಿನ ಮಲಗಿದ್ದ. 60 ದಿನದ ನೇಕಾರಿಕೆಯ ಕೂಲಿ ಕೊಡಬೇಕೆಂದು ನಮಗೆ ತೋರುತ್ತದೆ. ಮಿಶ್ನಾ ಹಾಗೆ ಹೇಳುವುದಿಲ್ಲ. ಅವನನ್ನು ಸೌತೆಕಾಯಿ ಹೊಲದ ಕಾವಲುಗಾರನೆಂದು ನೋಡಿ ಆ ಕೂಲಿಯನ್ನು ಕೊಡಬೇಕು, ಏಕೆಂದರೆ ಕೈಯ ಬೆಲೆಯನ್ನು ಆಗಲೇ ಕೊಟ್ಟಾಗಿದೆ ಎನ್ನುತ್ತದೆ. ಮೊದಲ ಓದಿಗೆ ಇದು ಜಿಪುಣತನವಾಗಿ ಕಂಡಿತ್ತು. ಆದರೆ ನೇಯುವ ಶಕ್ತಿ ಹೋದದ್ದಕ್ಕೆ 400 ಜೂಜ್ ಒಮ್ಮೆ ಸಂದಿದೆ. ಅದೇ ಶಕ್ತಿಯ ಕೂಲಿಯನ್ನು ಮತ್ತೆ ಕೊಟ್ಟರೆ ಒಂದೇ ನಷ್ಟಕ್ಕೆ ಎರಡು ಸಲ ಕೊಟ್ಟಂತಾಗುತ್ತದೆ. ಕೈ ಹೋದವನು ಎದ್ದು ಓಡಾಡುವಂತಾದ ಮೇಲೆ ಹೊಲ ಕಾಯಬಲ್ಲ. ಮಲಗಿದ್ದ ದಿನಗಳಲ್ಲಿ ಅದೂ ತಪ್ಪಿತಲ್ಲ, ಆ ಕೂಲಿ ಬಾಕಿ. ರಾವಾ ಇದನ್ನು ಬಿಡಿಸಿ ಹೇಳುತ್ತಾನೆ. ಕಾಲು ಮುರಿದವನನ್ನು ಬಾಗಿಲು ಕಾಯುವವನೆಂದು, ಕಣ್ಣು ಹೋದವನನ್ನು ಬೀಸುವ ಕಲ್ಲು ತಿರುಗಿಸುವವನೆಂದು ನೋಡಬೇಕು. ಕಿವುಡಾಗಿಸಿದರೆ ಮಾತ್ರ ಇಡೀ ಮನುಷ್ಯನ ಬೆಲೆಯನ್ನು ಕೊಡಬೇಕು. ನಮ್ಮ ಕಚೇರಿಯಲ್ಲಿ ದಿನವೂ ಕೈಯಾಡುವ ತೀರ್ಪೊಂದರಲ್ಲಿ, ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಎಂಬ 2010ರ ಪ್ರಕರಣದಲ್ಲಿ, ಭಾರತದ ಸುಪ್ರೀಂ ಕೋರ್ಟು ಇದೇ ಎಚ್ಚರವನ್ನು ಹೇಳಿದೆ: ದುಡಿಯುವ ಶಕ್ತಿ ನೂರಕ್ಕೆ ನೂರು ಹೋಯಿತೆಂದು ಲೆಕ್ಕಹಾಕಿ ಪರಿಹಾರ ಕೊಟ್ಟ ಮೇಲೆ, ಬದುಕಿನ ಸೌಖ್ಯ ತಪ್ಪಿದ್ದಕ್ಕೆಂದು ಬೇರೆಯಾಗಿ ಕೊಡುವ ಮೊತ್ತ ಹೆಸರಿಗಷ್ಟೇ ಇರಬೇಕು. ಅದೇ ತೀರ್ಪಿನಲ್ಲಿ ಎಡಗೈ ಹೋದ ಚಾಲಕ ಅಥವಾ ಬಡಗಿಯನ್ನೂ ಎಡಗೈ ಹೋದ ಸರಕಾರಿ ಗುಮಾಸ್ತನನ್ನೂ ಪಕ್ಕಪಕ್ಕದಲ್ಲಿಟ್ಟು, ವೈದ್ಯರು ಬರೆದುಕೊಟ್ಟ ಊನದ ಶೇಕಡಾವಾರು ಒಂದೇ ಆದರೂ ದುಡಿಮೆಯ ನಷ್ಟ ಒಂದೇ ಅಲ್ಲ ಎಂದು ತೋರಿಸಿದ್ದಾರೆ.

ನೋವಿನ ಬಾಬನ್ನು ಅವರು ಬಿಡಿಸಿದ ಬಗೆ ನನಗೆ ಅತ್ಯಂತ ಸೂಕ್ಷ್ಮವಾಗಿ ಕಂಡಿದೆ. ಎಷ್ಟು ಹಣ ಕೊಟ್ಟರೆ ಮನುಷ್ಯ ತನ್ನ ಕೈ ಕಡಿಸಿಕೊಳ್ಳುತ್ತಾನೆ ಎಂದು ಅಂದಾಜು ಮಾಡೋಣ ಎಂದರೆ, ಅದರಲ್ಲಿ ನೋವಿನ ಜೊತೆಗೆ ಉಳಿದ ನಾಲ್ಕು ಬಾಬುಗಳೂ ಸೇರಿಹೋಗುತ್ತವೆ ಎಂದು ಆಕ್ಷೇಪ ಬರುತ್ತದೆ. ಕೊನೆಗೆ ನಿಲ್ಲುವ ಅಳತೆ ಹೀಗಿದೆ: ಅರಸನ ಆಜ್ಞೆಯಿಂದ ಹೇಗೂ ಕೈ ಕಳೆದುಕೊಳ್ಳಲಿರುವವನು, ಕತ್ತಿಯಿಂದ ಕಡಿಯುವ ಬದಲು ನೋವಾಗದಂತೆ ಮದ್ದಿನಿಂದ ತೆಗೆಯಲಿ ಎಂದು ಎಷ್ಟು ಕೊಡಲು ಸಿದ್ಧನಾಗುತ್ತಾನೋ ಅಷ್ಟು. ಕೈ ಎರಡು ಪಕ್ಷದಲ್ಲಿಯೂ ಹೋಗುತ್ತದೆ, ಉಳಿಯುವ ವ್ಯತ್ಯಾಸ ನೋವು ಮಾತ್ರ. ನಮ್ಮ ನ್ಯಾಯಮಂಡಳಿಗಳಲ್ಲಿ ನೋವು ಮತ್ತು ಯಾತನೆಗೆಂದು ಬರೆಯುವ ಮೊತ್ತಕ್ಕೆ ಹಿಂದಿನ ತೀರ್ಪುಗಳ ರೂಢಿಯ ಹೊರತು ಬೇರೆ ಅಳತೆಯನ್ನು ನಾನು ಕಂಡದ್ದು ಅಪರೂಪ.

ಚಿಕಿತ್ಸೆಯ ವಿಷಯದಲ್ಲಿ ಬರುವ ಸಂಭಾಷಣೆ ಇಂದಿನ ಯಾವ ಕಚೇರಿಯಲ್ಲಿಯೂ ನಡೆಯಬಹುದಾದದ್ದು. ಹೊಡೆದವನು “ನಾನೇ ಮದ್ದು ಮಾಡುತ್ತೇನೆ” ಎಂದರೆ, ಗಾಯಗೊಂಡವನು “ನೀನು ನನಗೆ ಹೊಂಚುಹಾಕಿ ಕೂತ ಸಿಂಹದ ಹಾಗೆ ಕಾಣುತ್ತೀಯೆ” ಎಂದು ನಿರಾಕರಿಸಬಹುದು. “ಪುಕ್ಕಟೆ ನೋಡುವ ವೈದ್ಯನನ್ನು ಕರೆತರುತ್ತೇನೆ” ಎಂದರೆ, “ಪುಕ್ಕಟೆ ವೈದ್ಯನ ಬೆಲೆಯೂ ಪುಕ್ಕಟೆಯೇ” ಎನ್ನಬಹುದು. “ದೂರದ ಊರಿನಿಂದ ಕರೆಸುತ್ತೇನೆ” ಎಂದರೆ, “ವೈದ್ಯನು ದೂರವಿದ್ದರೆ ಅಷ್ಟರಲ್ಲಿ ಕಣ್ಣು ಕುರುಡು” ಎನ್ನಬಹುದು. ಇತ್ತ ಗಾಯಗೊಂಡವನು “ಹಣ ಕೊಟ್ಟುಬಿಡು, ನಾನೇ ನೋಡಿಕೊಳ್ಳುತ್ತೇನೆ” ಎಂದರೆ, “ನೀನು ಅಸಡ್ಡೆ ಮಾಡಿ ಗಾಯ ಬೆಳೆಸಿಕೊಂಡು ಮತ್ತಷ್ಟು ಕೇಳುತ್ತೀಯೆ” ಎಂದು ಹೊಡೆದವನೂ ನಿರಾಕರಿಸಬಹುದು. ಗಾಯ ಮಾಯ್ದು ಮತ್ತೆ ಒಡೆದರೆ, ಮತ್ತೆ ಮಾಯ್ದು ಮತ್ತೆ ಒಡೆದರೆ, ಪೂರ್ತಿ ವಾಸಿಯಾಗುವವರೆಗೂ ಖರ್ಚು ಅವನದೇ. ಪೆಟ್ಟಿಗೆ ಸಂಬಂಧವಿಲ್ಲದ ಹುಣ್ಣೆದ್ದರೆ ಅದು ಅವನ ಹೊಣೆಯಲ್ಲ. ವಿಮಾ ಕಂಪನಿಯವರ ವಕೀಲರು ಎತ್ತುವ ತಕರಾರುಗಳನ್ನು ಕೇಳಿದವರಿಗೆ ಇದರಲ್ಲಿ ಒಂದೂ ಹೊಸದಲ್ಲ.

ನಮ್ಮ ಪಟ್ಟಿಯಲ್ಲಿ ಇಲ್ಲದ, ಅವರ ಪಟ್ಟಿಯಲ್ಲಿರುವ ಬಾಬೆಂದರೆ ಅವಮಾನ. ಅದಕ್ಕೆ ಉದ್ದೇಶ ಬೇಕು. ಮನುಷ್ಯ ಎಚ್ಚರದಲ್ಲಿದ್ದರೂ ನಿದ್ದೆಯಲ್ಲಿದ್ದರೂ, ಬೇಕೆಂದು ಮಾಡಿದರೂ ಅರಿಯದೆ ಮಾಡಿದರೂ ತಾನು ಮಾಡಿದ ಊನಕ್ಕೆ ಹೊಣೆ. ಆದರೆ ನಿದ್ದೆಗಣ್ಣಿನಲ್ಲಿ ಯಾರನ್ನೋ ಅವಮಾನಿಸಿದವನು ಅದಕ್ಕೆ ಹೊಣೆಯಲ್ಲ. ಮೈಗೆ ತಗಲುವಂತೆ ಉಗುಳಿದರೆ, ಮೈಮೇಲಿನ ಮೇಲುಹೊದಿಕೆಯನ್ನು ಕಿತ್ತರೆ, ಸಂತೆಯಲ್ಲಿ ಹೆಣ್ಣಿನ ತಲೆಯ ಮೇಲಿನ ಮುಸುಕನ್ನು ಸರಿಸಿದರೆ 400 ಜೂಜ್ ಎಂದು ಮಿಶ್ನಾ ಹೇಳುತ್ತದೆ. ಹಾಗೆ ಮುಸುಕು ಸರಿಸಿದವನೊಬ್ಬನಿಗೆ ರಬ್ಬಿ ಅಕೀವಾ 400 ಜೂಜ್ ವಿಧಿಸಿದ. ಅವನು ಸಮಯ ಕೇಳಿ, ಸಾಕ್ಷಿಗಳನ್ನು ನಿಲ್ಲಿಸಿಕೊಂಡು, ಆ ಹೆಂಗಸು ಅಂಗಳದ ಬಾಗಿಲಲ್ಲಿದ್ದಾಗ ಅವಳೆದುರು ಸ್ವಲ್ಪವೇ ಎಣ್ಣೆಯಿದ್ದ ಗಡಿಗೆಯನ್ನು ಒಡೆದ. ಅವಳು ತಾನೇ ಮುಸುಕು ತೆಗೆದು ಚೆಲ್ಲಿದ ಎಣ್ಣೆಯನ್ನು ಅಂಗೈಯಲ್ಲಿ ಬಳಿದು ತಲೆಗೆ ಹಚ್ಚಿಕೊಂಡಳು. ಇಂಥವಳಿಗೆ ನಾನು 400 ಜೂಜ್ ಕೊಡಬೇಕೇ ಎಂದು ಅವನು ಕೇಳಿದಾಗ ಅಕೀವಾ, ನೀನು ಹೇಳಿದ್ದರಲ್ಲಿ ಹುರುಳಿಲ್ಲ, ತನಗೆ ತಾನೇ ಗಾಯ ಮಾಡಿಕೊಳ್ಳುವವನು ಮಾಡಬಾರದ್ದನ್ನು ಮಾಡಿದರೂ ಹೊಣೆಯಲ್ಲ, ಬೇರೆಯವರು ಅವನಿಗೆ ಗಾಯ ಮಾಡಿದರೆ ಅವರು ಹೊಣೆ ಎಂದ. ಅತಿ ಬಡವರನ್ನೂ ಆಸ್ತಿ ಕಳೆದುಕೊಂಡ ಕುಲೀನರೆಂದೇ ನೋಡಬೇಕು, ಎಲ್ಲರೂ ಅಬ್ರಹಾಮನ ಮಕ್ಕಳು ಎಂದು ಅವನು ಹೇಳಿದ್ದೂ ಅಲ್ಲಿಯೇ.

ಈ ಕೊನೆಯ ಮಾತಿನ ಭಾರ ತಿಳಿಯಬೇಕಾದರೆ ಸುತ್ತಲಿನ ಕಾನೂನುಗಳನ್ನು ನೋಡಬೇಕು. ಬಾಬಿಲೋನಿನ ಹಮ್ಮುರಾಬಿಯ ಶಾಸನದಲ್ಲಿ ಕುಲೀನನ ಕಣ್ಣು ತೆಗೆದರೆ ಕಣ್ಣು, ಸಾಮಾನ್ಯನ ಕಣ್ಣು ತೆಗೆದರೆ ಒಂದು ಮಿನಾ ಬೆಳ್ಳಿ, ಗುಲಾಮನ ಕಣ್ಣು ತೆಗೆದರೆ ಅವನ ಬೆಲೆಯ ಅರ್ಧ. ನಮ್ಮ ಕಡೆಯೂ ಮನುಸ್ಮೃತಿಯು ಕೀಳು ಜಾತಿಯವನು ಮೇಲಿನವನನ್ನು ಯಾವ ಅಂಗದಿಂದ ಹೊಡೆದನೋ ಆ ಅಂಗವನ್ನು ಕಡಿಯಬೇಕೆನ್ನುತ್ತದೆ. ಯಾಜ್ಞವಲ್ಕ್ಯ ಸ್ಮೃತಿ, ಅಂದರೆ ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರ ವ್ಯಾಖ್ಯಾನ ಬರೆದ ಆ ಗ್ರಂಥ, ಪೆಟ್ಟು ಕೊಟ್ಟವನು ವಾಸಿಯಾಗುವ ಖರ್ಚನ್ನು ಕೊಡಬೇಕು, ಜೊತೆಗೆ ದಂಡವನ್ನೂ ತೆರಬೇಕು ಎನ್ನುತ್ತದೆ. ಚಿಕಿತ್ಸೆಯ ಖರ್ಚಿನಲ್ಲಿ ಎರಡು ಪರಂಪರೆಗಳೂ ಕೂಡುತ್ತವೆ. ಆದರೆ ನಮ್ಮಲ್ಲಿ ದಂಡ ಹೋಗುವುದು ಅರಸನಿಗೆ, ಅದರ ಮೊತ್ತ ಏರಿಳಿಯುವುದು ವರ್ಣವನ್ನು ನೋಡಿ. ಮಿಶ್ನಾದ ಐದು ಬಾಬುಗಳಲ್ಲಿ ಒಂದು ಕಾಸೂ ಅರಸನಿಗಾಗಲಿ ದೇವಾಲಯಕ್ಕಾಗಲಿ ಹೋಗುವುದಿಲ್ಲ. ಎಲ್ಲವೂ ಪೆಟ್ಟು ತಿಂದವನ ಕೈಗೆ. ನನಗೆ ಈ ವ್ಯತ್ಯಾಸ ದೊಡ್ಡದಾಗಿ ತೋರುತ್ತದೆ, ಏಕೆಂದರೆ ಲೆಕ್ಕ ಹಾಕುವವನು ಉದ್ದಕ್ಕೂ ನೋಡುತ್ತಿರುವುದು ಹೊಡೆದವನ ಮೈಯನ್ನಲ್ಲ, ಪೆಟ್ಟು ತಿಂದವನ ಬದುಕನ್ನು.

ಹಣದ ದಾರಿಯಲ್ಲಿ ತಪ್ಪುವ ಕಡೆಗಳೂ ಇವೆ, ಅವನ್ನು ತಾಲ್ಮುದೇ ಬಚ್ಚಿಡದೆ ಹೇಳಿದೆ. ಹಾನಾನ್ ಎಂಬ ದುಷ್ಟನೊಬ್ಬನು ಯಾರಿಗೋ ಕೆನ್ನೆಗೆ ಹೊಡೆದ. ರವ್ ಹೂನಾ ಅರ್ಧ ಜೂಜ್ ಕೊಡು ಎಂದ. ಹಾನಾನನ ಬಳಿ ಇದ್ದದ್ದು ಸವೆದ ಒಂದು ಜೂಜ್. ಅದಕ್ಕೆ ಚಿಲ್ಲರೆ ಕೊಡುವವರು ಯಾರೂ ಸಿಗಲಿಲ್ಲ. ಅವನು ಅದೇ ಮನುಷ್ಯನಿಗೆ ಇನ್ನೊಂದೇಟು ಹೊಡೆದು ಇಡೀ ನಾಣ್ಯವನ್ನು ಕೊಟ್ಟುಬಿಟ್ಟ. ಏಟಿಗೆ ದರ ನಿಗದಿಯಾದ ಕಡೆಯೆಲ್ಲ ಹಾನಾನ್ ಹುಟ್ಟುತ್ತಾನೆ. ಇನ್ನೊಂದು ತೊಡಕು ಅಧಿಕಾರದ್ದು. ಇಂಥ ವ್ಯಾಜ್ಯಗಳನ್ನು ತೀರ್ಮಾನಿಸಲು ಇಸ್ರಾಯೇಲ್ ನಾಡಿನಲ್ಲಿ ವಿಧಿವತ್ತಾಗಿ ನೇಮಕಗೊಂಡ ನ್ಯಾಯಾಧೀಶರು ಬೇಕು. ಬಾಬಿಲೋನಿಯಾದ ಪಂಡಿತರಿಗೆ ಆ ಅಧಿಕಾರ ಇರಲಿಲ್ಲ, ಆಮೇಲೆ ಆ ನೇಮಕದ ಪರಂಪರೆಯೇ ನಿಂತುಹೋಯಿತು. ಆದ್ದರಿಂದ ನಂತರದ ಶತಮಾನಗಳಲ್ಲಿ, ಹೊಡೆದವನು ಪೆಟ್ಟು ತಿಂದವನನ್ನು ಒಪ್ಪಿಸುವವರೆಗೂ ಅವನನ್ನು ಸಮುದಾಯದಿಂದ ಹೊರಗಿಟ್ಟು ಒತ್ತಾಯಿಸುವ ದಾರಿಯನ್ನು ಹಿಡಿದರು. ಐದು ಬಾಬುಗಳ ಲೆಕ್ಕ ಪಾಠಶಾಲೆಯಲ್ಲಿ ಉಳಿಯಿತು, ವಸೂಲಾತಿ ರಾಜಿಯ ರೂಪ ತಾಳಿತು.

ಎಲ್ಲಕ್ಕಿಂತ ಚುಚ್ಚುವುದು ಗುಲಾಮರ ಸಂತೆಯ ಆ ಅಳತೆ. ಅದೂ ಅವರಿಗೆ ತಿಳಿದಿತ್ತು. 84ನೆಯ ಹಾಳೆಯಲ್ಲಿ ಕತ್ತೆಯೊಂದು ಮಗುವಿನ ಕೈಯನ್ನು ಕಚ್ಚಿ ಕಡಿದ ಪ್ರಕರಣವಿದೆ. ಅದು ರವ್ ಪಾಪಾ ಬಾರ್ ಶಮುವೇಲನ ಮುಂದೆ ಬಂದಾಗ, ಕತ್ತೆಯ ಒಡೆಯನು ಊನದ ನಷ್ಟವನ್ನು ಮಾತ್ರ ಕೊಡಬೇಕು ಎಂದು ಕೊನೆಗೆ ತೀರ್ಮಾನವಾಗುತ್ತದೆ. ಹಾಗಾದರೆ ಮಗುವನ್ನು ಗುಲಾಮನಂತೆ ಬೆಲೆಕಟ್ಟಿ ಬನ್ನಿ ಎಂದಾಗ ಮಗುವಿನ ತಂದೆ, “ನನಗೆ ಬೇಡ, ಇದು ನಮಗೆ ಅವಮಾನ” ಎನ್ನುತ್ತಾನೆ. ಪಂಡಿತರು ಅವನಿಗೆ, ನೀನು ಬೇಡವೆಂದು ಬಿಡುತ್ತಿರುವುದು ನಿನ್ನದನ್ನಲ್ಲ, ಮಗುವಿಗೆ ಸಲ್ಲಬೇಕಾದದ್ದನ್ನು ಎಂದು ನೆನಪಿಸುತ್ತಾರೆ. “ಅವನು ದೊಡ್ಡವನಾದಾಗ ನನ್ನ ಗಂಟಿನಿಂದ ಕೊಡುತ್ತೇನೆ” ಎಂದು ತಂದೆ ಹೇಳುತ್ತಾನೆ. ಪ್ರಕರಣ ಅಷ್ಟಕ್ಕೇ ನಿಲ್ಲುತ್ತದೆ. ನಮ್ಮ ಕಚೇರಿಯಲ್ಲಿ ಕೂತಿದ್ದ ಆ ತಂದೆಯ ಮುಖ ನನಗೆ ಇಲ್ಲಿ ಪ್ರತಿ ಸಲವೂ ಎದುರಾಗುತ್ತದೆ. ಊನ ಶೇಕಡಾ ಇಷ್ಟು, ತಿಂಗಳ ಗಳಿಕೆ ಇಷ್ಟು, ವಯಸ್ಸಿಗೆ ಗುಣಕ ಇಷ್ಟು ಎಂದು ನಾನು ಅವರ ಮಗನನ್ನು ಕಾಗದದ ಮೇಲೆ ಬಿಡಿಸುತ್ತಿದ್ದಾಗಲೇ ಅವರು ದುಡ್ಡು ಬೇಡವೆಂದದ್ದು. ಅವರು ಕೇಳಿದ ಕೈಯನ್ನು ಯಾವ ನ್ಯಾಯಾಲಯವೂ ಕೊಡಬಾರದು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅವರು ಆಗ ಸಿಟ್ಟಾದದ್ದು ಟೆಂಪೋದವನ ಮೇಲೆ ಮಾತ್ರವಲ್ಲ, ನನ್ನ ಲೆಕ್ಕದ ಮೇಲೂ ಎಂಬುದು ಈ ಪ್ರಕರಣವನ್ನು ಓದಿದ ಮೇಲೆಯೇ ನನಗೆ ಹೊಳೆದದ್ದು.

ಮಿಶ್ನಾ ಈ ಅಧ್ಯಾಯದ ಕೊನೆಯಲ್ಲಿ, ಐದೂ ಬಾಬುಗಳನ್ನು ಪೂರ್ತಿ ಕೊಟ್ಟ ಮೇಲೂ, ಗಾಯಗೊಂಡವನ ಬಳಿಗೆ ಹೋಗಿ ಕೇಳಿಕೊಳ್ಳುವವರೆಗೆ ಕ್ಷಮೆಯಿಲ್ಲ ಎನ್ನುತ್ತದೆ. ಹಾಗೆ ಬಂದು ಕೇಳಿಕೊಂಡಾಗ ಇವನು ಕಲ್ಲುಮನಸ್ಸು ಮಾಡಬಾರದು ಎಂದೂ ಸೇರಿಸುತ್ತದೆ. ನಮ್ಮ ಪದ್ಧತಿಯಲ್ಲಿ ಹಣ ಕೊಡುವುದು ವಿಮಾ ಕಂಪನಿ, ಆದ್ದರಿಂದಲೇ ಬಡ ಚಾಲಕನು ಮಾಡಿದ ಅಪಘಾತದಲ್ಲಿಯೂ ಗಾಯಾಳುವಿಗೆ ಹಣ ಸಿಗುತ್ತದೆ, ಅದು ದೊಡ್ಡ ಉಪಕಾರ. ಮಿಶ್ನಾದ ಕಾಲದಲ್ಲಿ ಹೊಡೆದವನ ಬಳಿ ಇಲ್ಲದಿದ್ದರೆ ತೀರ್ಪು ತೀರ್ಪಾಗಿಯೇ ಉಳಿಯುತ್ತಿತ್ತು. ಆದರೆ ನಮ್ಮಲ್ಲಿ ಚಾಲಕನು ಅನೇಕ ಸಲ ನ್ಯಾಯಮಂಡಳಿಗೆ ಬರುವುದೇ ಇಲ್ಲ. ಆ ಹುಡುಗನ ಪ್ರಕರಣದಲ್ಲಿಯೂ ಬರಲಿಲ್ಲ. ಮೊತ್ತ ಮಂಜೂರಾದ ದಿನ ತಂದೆ ಕಾಗದಗಳಿಗೆ ಸಹಿ ಹಾಕಿ, ಪೆನ್ನನ್ನು ನನ್ನ ಮೇಜಿನ ಮೇಲಿಟ್ಟು, “ಅವನು ಒಂದು ಸಲವಾದರೂ ಬರುತ್ತಾನೆಯೇ?” ಎಂದು ಕೇಳಿದರು. ಅವನು ಬರಬೇಕೆಂದು ಯಾವ ಕಾಯಿದೆಯೂ ಹೇಳುವುದಿಲ್ಲ ಎಂದು ನಾನು ಅವರಿಗೆ ಹೇಳಬೇಕಾಯಿತು.